ಜನರೇಟ್ ಮಾಡಿದ ಚಿತ್ರದಲ್ಲಿ ಅಂಗಡಿ ಬೋರ್ಡಿನ ಕನ್ನಡ ಒಡೆದು ಬರುತ್ತಿದೆ, ಏನು ಮಾಡಬೇಕು?

ಚಿತ್ರಸಂತೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಮಾಡುತ್ತಿದ್ದೇನೆ. ಅದರಲ್ಲಿ ಎರಡು ಪುಟಕ್ಕೆ ಹರಡಿದ ಒಂದು ಬೀದಿ ಇದೆ, ಶಿವಮೊಗ್ಗದ ಗಾಂಧಿ ಬಜಾರಿನಂಥದ್ದು, ಕಾಲ 1990ರ ಆಸುಪಾಸು. ಬೀದಿ, ಸಂಜೆ ಬೆಳಕು, ಸೈಕಲ್, ಹೆಂಚಿನ ಮಾಡು ಎಲ್ಲ ಚೆನ್ನಾಗಿ ಬಂದಿದೆ. ಬೋರ್ಡ್ ಮಾತ್ರ ಬರುತ್ತಿಲ್ಲ.

ನನಗೆ ಬೇಕಾದದ್ದು ಎರಡೇ ಬರಹ. ಮುಂದಿನ ಅಂಗಡಿಗೆ "ಶ್ರೀ ಲಕ್ಷ್ಮೀ ಹಾರ್ಡ್‌ವೇರ್ ಸ್ಟೋರ್ಸ್". ಬೀದಿಗೆ ಅಡ್ಡ ಕಟ್ಟಿದ ಬಟ್ಟೆ ಬ್ಯಾನರಿಗೆ "ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು". ಒಮ್ಮೆ ಒತ್ತು ಮಾಯ, ಒಮ್ಮೆ ಅರ್ಧ ತೆಲುಗು, ಒಮ್ಮೆ ಬರೀ ಸುರುಳಿ ಸುರುಳಿ. ದೂರದಿಂದ ನೋಡಿದರೆ ಕನ್ನಡ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲ. ಓದಲು ಕಲಿಯುತ್ತಿರುವ ಮಕ್ಕಳು ಇದನ್ನು ಬೆರಳಿಟ್ಟು ಓದುತ್ತಾರೆ, ಹಾಗಾಗಿ ಸುಮ್ನೆ ಬಿಡಲು ಮನಸ್ಸಿಲ್ಲ.

ನನ್ನ ಕಂಪ್ಯೂಟರಿನಲ್ಲೇ ಎಸ್‌ಡಿಎಕ್ಸ್‌ಎಲ್ ಅನ್ನುವ ಚಿತ್ರ ಮಾಡುವ ಮಾಡೆಲ್ ಓಡಿಸುತ್ತೇನೆ, ಫ್ಲಕ್ಸ್ ಕೂಡ ಇದೆ. ಬರಹವೂ ಸೇರಿ ಒಂದೇ ಸಲಕ್ಕೆ ಸರಿಯಾಗಿ ಬರುವ ದಾರಿ ಇದೆಯಾ?

ಬೈಟುಕಾಫಿ

ಇದೆ. ಪ್ರಾಂಪ್ಟಿನಲ್ಲಿ ಬರಹವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ, ಬೋರ್ಡನ್ನು ಹತ್ತಿರದಿಂದ ತೋರಿಸಲು ಹೇಳಿ, ರೆಸಲ್ಯೂಶನ್ ಜಾಸ್ತಿ ಮಾಡಿ. ನಾನು ಮೊನ್ನೆ "ಬೇಕರಿ" ಅಂತ ಕೇಳಿದೆ, ಸರಿಯಾಗೇ ಬಂತು. ಸ್ಟೆಪ್ಸ್ ಕೂಡ ಹೆಚ್ಚಿಸಿ ನೋಡಿ. ಈಗಿನ ಹೊಸ ಮಾಡೆಲ್‌ಗಳಿಗೆ ಕನ್ನಡ ಬರುತ್ತದೆ, ಹಳೆಯ ದೂರು ಇದು.

ಅಚ್ಚುಮೊಳೆ

ಬೈಟುಕಾಫಿ ಅವರು ಹೇಳಿದ್ದರಲ್ಲಿ ರೆಸಲ್ಯೂಶನ್ ಮಾತು ನಿಜ, ಉಳಿದದ್ದು ಈ ಬೋರ್ಡಿಗೆ ಸಾಲದು. "ಬೇಕರಿ"ಯಲ್ಲಿ ಒಂದೂ ಒತ್ತಕ್ಷರ ಇಲ್ಲ, ಅದಕ್ಕೇ ದಾಟಿಕೊಂಡಿತು. "ಲಕ್ಷ್ಮೀ" ಅಂತ ಕೇಳಿ ನೋಡಿ. ಕ್ಷ, ಅದಕ್ಕೆ ಮ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಒಂದೇ ಅಕ್ಷರದ ಜಾಗದಲ್ಲಿ ಇಷ್ಟು ಕೂರಬೇಕು.

ಎಲ್ಲಿ ಒಡೆಯುತ್ತದೆ ಅಂತ ತಿಳಿದರೆ ದಾರಿ ತಾನೇ ಕಾಣುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಒಡೆಯುವುದು ಪ್ರಾಂಪ್ಟ್ ಓದುವಾಗ. ಎಸ್‌ಡಿಎಕ್ಸ್‌ಎಲ್ ಒಳಗೆ ಪ್ರಾಂಪ್ಟ್ ಓದುವುದು ಕ್ಲಿಪ್. ಅದು ಪದಗಳನ್ನು ಟೋಕನ್ ಅನ್ನುವ ತುಂಡುಗಳಾಗಿ ಕತ್ತರಿಸಿ 77 ಟೋಕನ್ ಮಾತ್ರ ಹಿಡಿಯುತ್ತದೆ, ಮೊದಲ ಮತ್ತು ಕೊನೆಯ ಗುರುತು ಬಿಟ್ಟರೆ 75. ನಮ್ಮ "ಹಾರ್ಡ್‌ವೇರ್" ಪದ ಯೂನಿಕೋಡಿನಲ್ಲಿ 11 ಸಂಕೇತ, ಒಂದೊಂದಕ್ಕೂ 3 ಬೈಟ್, ಒಟ್ಟು 33 ಬೈಟ್. ಇಂಗ್ಲಿಷಿನಲ್ಲಿ ಒಂದೇ ಟೋಕನ್ನಿನಲ್ಲಿ ಮುಗಿಯುವಂಥ ಪದ ಇಲ್ಲಿ ಚೂರುಚೂರಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕ್ಲಿಪ್ ಪದ ಕತ್ತರಿಸುವಾಗ ಅಕ್ಷರಗಳನ್ನು ಒಂದು ಗುಂಪು, ಕಾಗುಣಿತದ ಚಿಹ್ನೆಗಳನ್ನು ಇನ್ನೊಂದು ಗುಂಪು ಅಂತ ಬೇರೆ ಮಾಡುತ್ತದೆ. ಹ ಒಂದು ಕಡೆ, ಅದರ ದೀರ್ಘ ಇನ್ನೊಂದು ಕಡೆ. ಕಾಗುಣಿತವೇ ಹರಿದ ಮೇಲೆ ಮಾಡೆಲ್ ಏನನ್ನು ಬರೆಯಬೇಕು? ಫ್ಲಕ್ಸ್‌ನಲ್ಲಿ ಪ್ರಾಂಪ್ಟ್ ಓದುವ ಟಿ5 ಇನ್ನೂ ಕಷ್ಟ, ಅದರ ಪದಕೋಶದಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನೀವು ಏನೇ ಬರೆದರೂ "ಗೊತ್ತಿಲ್ಲದ ಚಿಹ್ನೆ" ಅಂತಲೇ ಒಳಗೆ ಹೋಗುತ್ತದೆ. ಹೊರಬರುವ ಸುರುಳಿಗಳು "ಕನ್ನಡ ಬೋರ್ಡ್" ಅನ್ನುವ ನೋಟದ ನೆನಪಷ್ಟೇ.

ಎರಡನೆಯದು ಚಿತ್ರ ಕುಗ್ಗಿಸುವಾಗ. ಈ ಮಾಡೆಲ್‌ಗಳು ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ 8 ಪಟ್ಟು ಕುಗ್ಗಿಸಿ, ಆ ಸಣ್ಣ ಹಾಳೆಯ ಮೇಲೆ ಕೆಲಸ ಮಾಡಿ, ಕೊನೆಗೆ ಬಿಡಿಸುತ್ತವೆ. 1024 ಪಿಕ್ಸೆಲ್ ಚಿತ್ರ ಅಂದರೆ ಒಳಗೆ 128 ಮನೆ. ನಿಮ್ಮ ಬೋರ್ಡಿನ ಅಕ್ಷರ 40 ಪಿಕ್ಸೆಲ್ ಎತ್ತರ ಇದೆ ಅಂದುಕೊಳ್ಳಿ. ಅದರ ಒತ್ತು 16 ರಿಂದ 20 ಪಿಕ್ಸೆಲ್. ಅಂದರೆ ಎರಡೇ ಮನೆ ಎತ್ತರದಲ್ಲಿ ಮ ಒತ್ತು ಮೂಡಬೇಕು. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ರ ಮತ್ತು ಠ ನಡುವೆ ಒಂದು ಚುಕ್ಕೆ. ಅವು ಒಂದು ಮನೆಯನ್ನೂ ತುಂಬುವುದಿಲ್ಲ. ಬೈಟುಕಾಫಿ ಅವರ ರೆಸಲ್ಯೂಶನ್ ಮಾತು ನಿಜ ಅಂದದ್ದು ಇದಕ್ಕೆ. ಆದರೆ ಮೊದಲ ತೊಂದರೆ ಹಾಗೇ ಇರುವಾಗ ಜಾಗ ದೊಡ್ಡದು ಮಾಡಿದರೆ ದೊಡ್ಡ ಸುರುಳಿ ಬರುತ್ತದೆ, ಅಷ್ಟೇ.

ಹಾಗಾಗಿ ನನ್ನ ಸಲಹೆ: ಮಾಡೆಲ್ ಕೈಯಲ್ಲಿ ಬರೆಸಬೇಡಿ. ಖಾಲಿ ಬೋರ್ಡ್ ಮಾಡಿಸಿ, ಅಕ್ಷರವನ್ನು ಫಾಂಟಿನಿಂದ ನೀವೇ ಕೂರಿಸಿ, ಕೊನೆಗೆ ಹೊಂದಿಸುವ ಕೆಲಸಕ್ಕೆ ಮಾತ್ರ ಮಾಡೆಲ್ ಬಳಸಿ.

ಬೈಟುಕಾಫಿ

ಸರ್, ನೀವು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಓಡಿಸುವ ಮಾಡೆಲ್‌ಗಳ ಕಥೆ. ಆನ್‌ಲೈನಿನಲ್ಲಿ ಮಾತನಾಡಿಸಿ ಚಿತ್ರ ಮಾಡಿಸುವ ಹೊಸವು ಬೇರೆ ಥರ. ಅವಕ್ಕೆ ಪಠ್ಯ ಅರ್ಥವಾಗುತ್ತದೆ, ಕನ್ನಡ ಸಾಲು ಕೊಟ್ಟರೆ ಬಹಳ ಸಲ ಸರಿಯಾಗೇ ಬರೆಯುತ್ತವೆ.

ಅಚ್ಚುಮೊಳೆ

ಒಪ್ಪಿದೆ, ಅವು ಎಷ್ಟೋ ಮುಂದಿವೆ. ಚಿಕ್ಕ ಪದ, ದೊಡ್ಡ ಬೋರ್ಡ್, ಚಿತ್ರದಲ್ಲಿ ಅದೊಂದೇ ಬರಹ ಅಂದರೆ ಧೈರ್ಯವಾಗಿ ಕೇಳಿ. ತೊಂದರೆ ಏನೆಂದರೆ ಅವುಗಳ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಮಾಡೆಲಿನ ಸುರುಳಿ ಯಾರಿಗಾದರೂ ಗೊತ್ತಾಗುತ್ತದೆ. ಹೊಸದರಲ್ಲಿ "ಹಾರ್ದಿಕ" ಹೋಗಿ "ಹಾದಿಕ" ಆಗಿರುತ್ತದೆ, ಅರ್ಕಾವತ್ತು ಒಂದೇ ಬಿದ್ದಿರುತ್ತದೆ, ಉಳಿದದ್ದೆಲ್ಲ ಅಚ್ಚುಕಟ್ಟು. "ಹಣ್ಣು" ಹೋಗಿ "ಹಣು". ನಮ್ಮ ಕಣ್ಣು ಅಭ್ಯಾಸಬಲದಿಂದ ಸರಿಯಾಗೇ ಓದಿಬಿಡುತ್ತದೆ. ಇನ್ನೊಂದು ವಿಷಯ, ಬೇರೆ ಏನೋ ಬದಲಿಸಲು ಮತ್ತೆ ಮಾಡಿಸಿದರೆ ಸರಿಯಿದ್ದ ಬೋರ್ಡೂ ಬದಲಾಗುತ್ತದೆ. ಪುಸ್ತಕಕ್ಕೆ ಅದು ಕಷ್ಟ.

ಫ್ಲೆಕ್ಸ್‌ಮನೆ_ಹಾವೇರಿ

ನಮ್ಮಲ್ಲೂ ಇದೇ ತೊಂದರೆ ಇದೆ ನೋಡ್ರೀ. ನಿನ್ನೆ ಒಬ್ಬರು ಹುಟ್ಟುಹಬ್ಬದ ಬ್ಯಾನರ್ ಫೈಲ್ ಕಳಿಸಿದರು. ಕೋರಲ್‌ನಲ್ಲಿ ತೆಗೆದರೆ ಕನ್ನಡದ ಬದಲು `PÀ£ÀßqÀ` ಅಂತೆಲ್ಲ ಬಂತು. ಅವರೇ ವಾಟ್ಸಾಪ್‌ನಲ್ಲಿ ಕಳಿಸಿದ ಸಾಲನ್ನು ಅದೇ ಫಾಂಟಿಗೆ ಅಂಟಿಸಿದರೆ ಡಬ್ಬಿ ಡಬ್ಬಿ. ಮಾಡೆಲ್ ಬದಲಿಸಿದರೆ ಸರಿ ಹೋಗುತ್ತದಾ? ಪ್ರಿಂಟಿಗೆ ಇವತ್ತೇ ಕೊಡಬೇಕು.

ಅಚ್ಚುಮೊಳೆ

ಅಣ್ಣ, ನಿಮ್ಮದು ಬೇರೆ ರೋಗ, ಮಾಡೆಲಿಗೂ ಇದಕ್ಕೂ ಸಂಬಂಧ ಇಲ್ಲ. ಆ ಫೈಲು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿದೆ. ಅಲ್ಲಿ `PÀ£ÀßqÀ` ಅನ್ನುವ ಸಂಕೇತಗಳಿಗೆ ಕನ್ನಡದ ಚೂರುಗಳ ಆಕಾರ ಕೊಟ್ಟಿರುತ್ತಾರೆ. ನಿಮ್ಮ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಒಳಗಿನ ಸಂಕೇತ ಹೊರಗೆ ಕಾಣುತ್ತದೆ. ವಾಟ್ಸಾಪ್ ಸಾಲು ಯೂನಿಕೋಡ್, ಅದನ್ನು ಆಸ್ಕಿ ಫಾಂಟಿಗೆ ಹಾಕಿದರೆ ಡಬ್ಬಿ ಬರಲೇಬೇಕು. ಅವರು ಬಳಸಿದ ಫಾಂಟನ್ನೇ ತರಿಸಿಕೊಳ್ಳಿ, ಇಲ್ಲವೇ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ ಯೂನಿಕೋಡ್ ಫಾಂಟ್ ಹಾಕಿ. ಇನ್ನು ಮುಂದೆ ಗಿರಾಕಿಗಳಿಗೆ ಹೇಳಿ, ಕಳಿಸುವ ಮೊದಲು ಅಕ್ಷರ ಆಯ್ಕೆ ಮಾಡಿ `Ctrl+Q` ಒತ್ತಿ ಕರ್ವ್ಸ್ ಮಾಡಿ ಕಳಿಸಲಿ. ಆಮೇಲೆ ಅದು ಬರೀ ಗೆರೆ, ಎಲ್ಲಿ ತೆಗೆದರೂ ಒಂದೇ.

ಚಿತ್ರಸಂತೆ ಅವರಿಗೂ ಇದು ಉಪಯೋಗ. ಬೋರ್ಡಿಗೆ ಹಳೆಯ ನುಡಿ ಫಾಂಟ್ ಬೇಕು ಅನ್ನಿಸಿದರೆ ಎರಡನ್ನೂ ಬೆರೆಸಬೇಡಿ.

ಫ್ಲೆಕ್ಸ್‌ಮನೆ_ಹಾವೇರಿ

ಫಾಂಟ್ ತರಿಸಿದೆ, ಸರಿ ಬಂತು. ಉಪಕಾರ ಆಯ್ತು.

ಚಿತ್ರಸಂತೆ

ಖಾಲಿ ಬೋರ್ಡ್ ಮಾಡಿಸಲು ಹೊರಟೆ. "ಬರಹ ಇಲ್ಲದ ಬೋರ್ಡ್" ಅಂತ ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ಏನಾದರೂ ಗೀಚಿಯೇ ಬಿಡುತ್ತದೆ. ಇನ್ನೊಂದು, ಪೈಥಾನಿನಲ್ಲಿ ಪಠ್ಯದ ಪಿಎನ್‌ಜಿ ಮಾಡಿದೆ. ಅದರಲ್ಲೂ ಒಡೆದಿದೆ! "ಶ್ರೀ" ಬದಲು ಶ, ಅದರ ಪಕ್ಕ ಹಲಂತದ ಚಿಹ್ನೆ, ಆಮೇಲೆ ರೀ. ಇಲ್ಲಿ ಮಾಡೆಲ್ ಇಲ್ಲವೇ ಇಲ್ಲ, ಮತ್ತೆ ಯಾಕೆ?

ಅಚ್ಚುಮೊಳೆ

ಬೋರ್ಡಿನ ವಿಷಯ ಮೊದಲು. ಪ್ರಾಂಪ್ಟಿನಲ್ಲಿ `text` ಅನ್ನುವ ಪದ ಬಂದರೇ ಬರಹದ ಕಡೆ ಎಳೆಯುತ್ತದೆ, ಮುಂದೆ `no` ಇದ್ದರೂ ಅಷ್ಟೇ. `signboard` ಅಂದರೂ ಬರಹ ನೆನಪಾಗುತ್ತದೆ. ಬೇಡದ್ದನ್ನು ಹೇಳುವುದಕ್ಕಿಂತ ಬೇಕಾದದ್ದನ್ನು ಹೇಳಿ: `plain blue enamel painted metal panel above the shop shutter`. ಎಸ್‌ಡಿಎಕ್ಸ್‌ಎಲ್‌ನಲ್ಲಿ ನೆಗೆಟಿವ್ ಪ್ರಾಂಪ್ಟ್ ಇದೆ, `letters, writing, logo` ಅಲ್ಲಿ ಹಾಕಿ. ಫ್ಲಕ್ಸ್ ಡೆವ್‌ನಲ್ಲಿ ಮಾಮೂಲಾಗಿ ಅದು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಪಟ್ಟಿಯ ಬಣ್ಣ, ತುಕ್ಕು, ಧೂಳು ವಿವರಿಸುವುದೇ ದಾರಿ. ಆಮೇಲೂ ಗೀಚಿದರೆ ಬೋರ್ಡಿನ ಭಾಗಕ್ಕೆ ಮಾಸ್ಕ್ ಹಾಕಿ ಅಳಿಸಿ. ತಗಡಿನ ನೀಲಿ ಬಣ್ಣ ತಾನೇ, ಕ್ಲೋನ್ ಟೂಲ್ ಸಾಕು.

ಪೈಥಾನ್ ವಿಷಯ. ಅಲ್ಲಿ ಚಿತ್ರ ಮಾಡುವ ಪಿಲ್ಲೋ ತನ್ನಷ್ಟಕ್ಕೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ. ಕನ್ನಡಕ್ಕೆ ಅಷ್ಟು ಸಾಲದು. ಶ, ಹಲಂತ, ರ, ಈಕಾರ ಸೇರಿ "ಶ್ರೀ" ಆಗಬೇಕು ಅಂತ ಫಾಂಟಿನೊಳಗಿನ ನಿಯಮ ಓದಿ ಆಕಾರ ಕೂಡಿಸುವವರು ಬೇಕು. ಆ ಕೆಲಸ ಹಾರ್ಫ್‌ಬಜ್ ಮಾಡುತ್ತದೆ, ಪಿಲ್ಲೋ ಅದನ್ನು ರಾಕಂ ಮೂಲಕ ಕರೆಯುತ್ತದೆ.

```python
from PIL import Image, ImageDraw, ImageFont, features
print(features.check("raqm"))
f = ImageFont.truetype("BalooTamma2-Bold.ttf", 160,
        layout_engine=ImageFont.Layout.RAQM)
im = Image.new("RGBA", (2400, 420), (0, 0, 0, 0))
ImageDraw.Draw(im).text((60, 60),
        "ಶ್ರೀ ಲಕ್ಷ್ಮೀ ಹಾರ್ಡ್‌ವೇರ್ ಸ್ಟೋರ್ಸ್",
        font=f, fill="white", language="kn")
im.save("board.png")
```

ಮೊದಲು `True` ಬರುತ್ತದಾ ನೋಡಿ. `False` ಬಂದರೆ ಮೇಲಿನ ಕೋಡ್ `language` ಕೊಟ್ಟಿರುವುದರಿಂದ ದೋಷ ತೋರಿಸಿ ನಿಲ್ಲುತ್ತದೆ; `language` ಇಲ್ಲದ ಕೋಡಿನಲ್ಲಿ ಪಿಲ್ಲೋ ತೆಪ್ಪಗೆ ಹಳೆಯ ದಾರಿಗೆ ಇಳಿಯುತ್ತದೆ, ದೊಡ್ಡದಾಗಿ ಎಚ್ಚರಿಸುವುದಿಲ್ಲ. ಬಹುಪಾಲು ರಾಕಂಗೆ ಬೇಕಾದ ಫ್ರಿಬಿಡಿ ಇಲ್ಲದಿರುವುದೇ ಕಾರಣ. ಉಬುಂಟುವಿನಲ್ಲಿ `sudo apt install libfribidi0`. ವಿಂಡೋಸಿನಲ್ಲಿ `fribidi.dll` ಪೈಥಾನಿಗೆ ಸಿಗುವ ಜಾಗದಲ್ಲಿರಬೇಕು.

ಕೋಡ್ ಬೇಡ ಅಂದರೆ ಗಿಂಪ್ ಅಥವಾ ಇಂಕ್‌ಸ್ಕೇಪ್ ತೆಗೆದು ಟೈಪ್ ಮಾಡಿ, ಅಲ್ಲಿ ಕನ್ನಡ ನೇರವಾಗಿ ಸರಿ ಬರುತ್ತದೆ. ಫೋಟೋಶಾಪಿನ ಸ್ವಲ್ಪ ಹಳೆಯ ಆವೃತ್ತಿ ಆದರೆ ಟೈಪ್ ಪ್ರಿಫರೆನ್ಸಿನಲ್ಲಿ `World-Ready Layout` ಆರಿಸಿ. ಇನ್ನೂ ಹಳೆಯದರಲ್ಲಿ ಅದರ ಹೆಸರು `Middle Eastern and South Asian`.

ಸುರಗಿ

ಒಂದು ಸಣ್ಣ ಸೇರ್ಪಡೆ. "ಹಾರ್ಡ್‌ವೇರ್" ಪದದಲ್ಲಿ ಡ್ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ, `U+200C`. ಅದು ಬಿದ್ದರೆ ವ ಹೋಗಿ ಡ ಕೆಳಗೆ ಒತ್ತಾಗಿ ಕೂರುತ್ತದೆ, "ಹಾರ್ಡ್ವೇರ್" ಆಗುತ್ತದೆ. ಕೆಲವು ಆ್ಯಪ್‌ಗಳು ಕಾಪಿ ಮಾಡುವಾಗ ಅದನ್ನು ತಿಂದುಹಾಕುತ್ತವೆ. ಬೋರ್ಡಿನಲ್ಲಿ ಸಾಫ್ಟ್‌ವೇರ್, ಹಾರ್ಡ್‌ವೇರ್ ತರಹದ ಪದ ಇದ್ದಾಗ ಇದನ್ನು ನೋಡಲೇಬೇಕು. ಹಾಗೇ "ರ‍್ಯಾಂಕ್" ಬರೆಯುವಾಗ ರ ಆದಮೇಲೆ `U+200D` ಬೇಕು, ಇಲ್ಲದಿದ್ದರೆ ಅದು ಯಾ ಪಕ್ಕದ ಅರ್ಕಾವತ್ತಾಗಿ "ರ್ಯಾಂಕ್" ಆಗುತ್ತದೆ. ಟ್ಯುಟೋರಿಯಲ್ ಬ್ಯಾನರುಗಳಲ್ಲಿ ಇದು ಸಿಕ್ಕಾಪಟ್ಟೆ ನೋಡಿದ್ದೇನೆ.

ಚಿತ್ರಸಂತೆ

`False` ಇತ್ತು! ಫ್ರಿಬಿಡಿ ಹಾಕಿದ ಮೇಲೆ ಶ್ರೀ ಶ್ರೀಯಾಗಿಯೇ ಬಂತು. ಸುರಗಿ ಅವರೇ, ನನ್ನ ಸಾಲಿನಲ್ಲಿ ಆ ಸಂಕೇತ ಇತ್ತು, ಬಚಾವ್.

ಈಗ ಬೋರ್ಡಿನ ಮೇಲೆ ಕೂರಿಸಿದ್ದೇನೆ. ಅಂಗಡಿ ಓರೆಯಾಗಿದೆ, ಅಕ್ಷರವನ್ನೂ ನಾಲ್ಕು ಮೂಲೆ ಹಿಡಿದು ಓರೆ ಮಾಡಿದೆ. ಓದಲು ಬರುತ್ತದೆ, ಆದರೆ ಸ್ಟಿಕ್ಕರ್ ಅಂಟಿಸಿದ ಹಾಗಿದೆ. ಬೀದಿಗೂ ಬೋರ್ಡಿಗೂ ಸಂಬಂಧವೇ ಇಲ್ಲ.

ಬ್ರಷ್‌ರಾಯರು

ನಾನು ಫ್ಲೆಕ್ಸ್ ಬರುವ ಮುಂಚೆ ಬೋರ್ಡ್ ಬರೆಯುತ್ತಿದ್ದವನು. ಕಂಪ್ಯೂಟರ್ ವಿಷಯ ಗೊತ್ತಿಲ್ಲ, ಬೋರ್ಡಿನ ವಿಷಯ ಹೇಳುತ್ತೇನೆ ಮಗಳೇ.

ನಾವು ತಗಡಿನ ಮೇಲೆ ದಾರಕ್ಕೆ ಸುಣ್ಣ ಹಚ್ಚಿ ಎರಡು ಗೆರೆ ಹೊಡೆಯುತ್ತಿದ್ದೆವು. ಅಕ್ಷರ ಎರಡು ಗೆರೆಯ ನಡುವೆ, ಒತ್ತು ಕೆಳಗಿನ ಗೆರೆಯಿಂದ ಕೆಳಗೆ. ಹಾಗಾಗಿ ಕೆಳಗೆ ಜಾಗ ಜಾಸ್ತಿ ಬಿಡಬೇಕು. ಬೋರ್ಡಿನ ನಟ್ಟನಡುವೆ ಅಕ್ಷರ ಕೂರಿಸಿದರೆ ಒತ್ತು ಅಂಚಿಗೆ ಹೋಗಿ ಬಡಿಯುತ್ತದೆ. ಲಕ್ಷ್ಮೀ ಬರೆಯುವಾಗ ಮ ಒತ್ತನ್ನು ಚಿಕ್ಕದು ಮಾಡಿ ಬಲಕ್ಕೆ ಒತ್ತರಿಸಿ ಬರೆಯುತ್ತಿದ್ದೆವು. ಫಾಂಟಿನಲ್ಲಿ ಒತ್ತು ದೂರ ನಿಂತ ಹಾಗೆ ಕಾಣುತ್ತದೆ, ಕೈಬರಹದಲ್ಲಿ ಅಕ್ಷರಕ್ಕೆ ಆತುಕೊಂಡೇ ಇರುತ್ತದೆ. ಅಂಗಡಿ ಹೆಸರು ದಪ್ಪ, ಅದರ ಕೆಳಗೆ ಮಾಲೀಕರ ಹೆಸರು, ಊರು ಸಣ್ಣದು. ಬಲಕ್ಕೆ, ಕೆಳಕ್ಕೆ ಕೆಂಪಿನ ನೆರಳು. ಹಳದಿ ಅಕ್ಷರಕ್ಕೆ ಕೆಂಪು ನೆರಳು ನೀಲಿ ತಗಡಿನ ಮೇಲೆ ಎಷ್ಟು ದೂರಕ್ಕೂ ಎದ್ದು ಕಾಣುತ್ತಿತ್ತು. ನಿಮ್ಮ ಚಿತ್ರದಲ್ಲಿ ಬರೀ ಬಿಳಿ ಇದೆ.

ಅಚ್ಚುಮೊಳೆ

ರಾಯರೇ, ಇದು ಚಿನ್ನದಂಥ ಮಾತು.

ಚಿತ್ರಸಂತೆ ಅವರೇ, ಹಾಗಾದರೆ ಹೀಗೆ ಮಾಡಿ. ಇಂಕ್‌ಸ್ಕೇಪಿನಲ್ಲಿ ಸಾಲನ್ನು `Object to Path` ಮಾಡಿ, ಒತ್ತುಗಳನ್ನು ಒಂದೊಂದಾಗಿ ಹಿಡಿದು ಅಕ್ಷರದ ಹತ್ತಿರಕ್ಕೆ ಸರಿಸಿ. ಹಾಗೆ ಮಾಡುವ ಮೊದಲು ಪಠ್ಯದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ, ಆಮೇಲೆ ತಿದ್ದಲು ಬರುವುದಿಲ್ಲ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಆಯ್ಕೆಯನ್ನು ಮುಟ್ಟಬೇಡಿ, ಕೆಲವು ತಂತ್ರಾಂಶಗಳಲ್ಲಿ ದೀರ್ಘವೂ ಅರ್ಕಾವತ್ತೂ ಅಕ್ಷರದಿಂದ ಬಿಟ್ಟು ದೂರ ಹೋಗುತ್ತವೆ. ರಾಯರು ಹೇಳಿದ ನೆರಳು ಅಂದರೆ ಅದೇ ಸಾಲಿನ ಕೆಂಪು ಪ್ರತಿ, ಸ್ವಲ್ಪ ಬಲಕ್ಕೆ ಮತ್ತು ಕೆಳಕ್ಕೆ.

ಸ್ಟಿಕ್ಕರಿನ ಹಾಗೆ ಕಾಣುವುದಕ್ಕೆ ಕಾರಣ ಅಂಚು. ನಿಮ್ಮ ಚಿತ್ರದ ಸೈಕಲ್, ಬಾಗಿಲು ಎಲ್ಲದರ ಅಂಚು ಸ್ವಲ್ಪ ಮೆತ್ತಗಿದೆ, ಅಕ್ಷರದ ಅಂಚು ಬ್ಲೇಡಿನಿಂದ ಕೊಯ್ದ ಹಾಗಿದೆ. ಒಂದು ಪಿಕ್ಸೆಲ್ಲಿನಷ್ಟು ಬ್ಲರ್ ಕೊಡಿ. ಖಾಲಿ ಬೋರ್ಡಿನ ತುಕ್ಕು, ಕಲೆ ಅಕ್ಷರದ ಮೇಲೂ ಹಾಯಬೇಕು, ಆ ಪದರವನ್ನು ಮಲ್ಟಿಪ್ಲೈನಲ್ಲಿ ಅಕ್ಷರದ ಮೇಲೆ ಹಾಕಿ. ಮುಂದೆ ವಿದ್ಯುತ್ ತಂತಿ ಹಾದಿದ್ದರೆ ಅಷ್ಟನ್ನು ಮಾಸ್ಕಿನಲ್ಲಿ ಅಳಿಸಿ, ತಂತಿ ಅಕ್ಷರದ ಮುಂದೆ ಬರಲಿ. ಇದೊಂದರಿಂದಲೇ ಅರ್ಧ ನಂಬಿಕೆ ಬರುತ್ತದೆ.

ಇಷ್ಟಾದ ಮೇಲೆ ಬೋರ್ಡಿಗೆ ಮಾತ್ರ ಮಾಸ್ಕ್ ಹಾಕಿ ಆ ಭಾಗವನ್ನಷ್ಟೇ ಮಾಡೆಲ್ ಕೈಯಲ್ಲಿ ಮತ್ತೆ ಬಿಡಿಸಿ, ಅಂದರೆ ಇನ್‌ಪೇಂಟ್ ಮಾಡಿ. `Only masked` ಆರಿಸಿದರೆ ಆ ತುಂಡನ್ನು ಮಾತ್ರ 1024ಕ್ಕೆ ಹಿಗ್ಗಿಸಿ ಕೆಲಸ ಮಾಡಿ ಮತ್ತೆ ಕುಗ್ಗಿಸಿ ಕೂರಿಸುತ್ತದೆ, ಆಗ ಮೊದಲು ಹೇಳಿದ ಎರಡು ಮನೆಯ ತೊಂದರೆ ಬಹುಪಾಲು ಹೋಗುತ್ತದೆ. ಡಿನಾಯ್ಸಿಂಗ್, ಅಂದರೆ ಮಾಡೆಲ್ ಎಷ್ಟು ಬದಲಿಸಬಹುದು ಅನ್ನುವ ಅಳತೆ, 0.2 ರಿಂದ 0.3 ಒಳಗೆ ಇಡಿ. ನನ್ನ ಅನುಭವದಲ್ಲಿ 0.4 ದಾಟಿದರೆ ಒತ್ತುಗಳು ಮತ್ತೆ ಬದಲಾಗತೊಡಗುತ್ತವೆ. ಮೊದಲು ಸಾಯುವುದು ಅರ್ಕಾವತ್ತು, ಆಮೇಲೆ ಕೊನೆಯ ಹಲಂತ. "ಸ್ಟೋರ್ಸ್" ಪದದಲ್ಲಿ ಎರಡೂ ಒಟ್ಟಿಗಿವೆ. ಅದನ್ನೇ ಹಿಗ್ಗಿಸಿ ನೋಡಿದರೆ ಗೊತ್ತಾಗುತ್ತದೆ.

ಬಂದ ಫಲಿತಾಂಶದ ಮೇಲೆ ನಿಮ್ಮ ಮೂಲ ಅಕ್ಷರದ ಪದರವನ್ನು ಅರೆಪಾರದರ್ಶಕವಾಗಿ ಮತ್ತೊಮ್ಮೆ ಹಾಕಿ. ಬಣ್ಣದ ಮೇಲ್ಮೈ ಮಾಡೆಲಿನದು, ಆಕಾರ ಫಾಂಟಿನದು.

ಬೈಟುಕಾಫಿ

ಕಂಟ್ರೋಲ್‌ನೆಟ್ ಬಳಸಿದರೆ ಇಷ್ಟೆಲ್ಲ ಬೇಡ. ಅಕ್ಷರದ ಕಪ್ಪು ಬಿಳುಪು ಚಿತ್ರವನ್ನು ಅದರಲ್ಲಿ ಅಂಚಿನ ಗೆರೆ ಹಿಡಿಯುವ ಕ್ಯಾನಿಗೆ ಕೊಟ್ಟರೆ ಬೋರ್ಡ್ ಸಮೇತ ಅದೇ ಬರೆಯುತ್ತದೆ.

ಸುರಗಿ

ನಾನು ಅದನ್ನು ಬಳಸುತ್ತೇನೆ. ಅಕ್ಷರ ದೊಡ್ಡದಿದ್ದರೆ, ಅಂದರೆ ಪೋಸ್ಟರಿನ ಶೀರ್ಷಿಕೆ, ಗೋಡೆ ತುಂಬ ಬರೆದ ಹೆಸರು, ಅಲ್ಲಿ ಬಹಳ ಚಂದ. ಕಲ್ಲಿನಲ್ಲಿ ಕೆತ್ತಿದ ಹಾಗೆ, ಹೂವಿನಲ್ಲಿ ಬರೆದ ಹಾಗೆ ಬೇಕೆಂದರೆ ಅದೇ ಸರಿ. ಸಣ್ಣ ಬೋರ್ಡಿನಲ್ಲಿ ಕ್ಯಾನಿ ಗೆರೆಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ ಒಳಗಿನ ಸಂದು ಮುಚ್ಚುತ್ತದೆ, ಒತ್ತು ಮೇಲಿನ ಅಕ್ಷರಕ್ಕೆ ಸೇರಿಬಿಡುತ್ತದೆ. ಈ ಬೀದಿಗೆ ನಾನು ಅಚ್ಚುಮೊಳೆ ಅವರ ದಾರಿಯನ್ನೇ ಹಿಡಿಯುತ್ತಿದ್ದೆ.

ಚಿತ್ರಸಂತೆ

ಬೋರ್ಡ್ ಗೆದ್ದಿತು! ಹಳದಿ ಅಕ್ಷರ, ಕೆಂಪು ನೆರಳು, ಮುಂದೆ ತಂತಿ. ರಾಯರೇ ನಿಮಗೆ ದೊಡ್ಡ ನಮಸ್ಕಾರ.

ಆದರೆ ಮುದ್ರಣಕ್ಕೆ ಅಂತ ಚಿತ್ರವನ್ನು ನಾಲ್ಕು ಪಟ್ಟು ಅಪ್‌ಸ್ಕೇಲ್ ಮಾಡಿದೆ, ಅಕ್ಷರ ಮತ್ತೆ ವಿಚಿತ್ರ ಆಯಿತು. ಲಕ್ಷ್ಮೀಯ ಮ ಒತ್ತು ಒಂದು ಗಂಟಿನ ಹಾಗೆ ಆಗಿದೆ.

ಅಚ್ಚುಮೊಳೆ

ಅಪ್‌ಸ್ಕೇಲರ್ ಕೂಡ ಊಹಿಸಿಯೇ ಗೆರೆ ಬಿಡಿಸುವುದು. ಅದಕ್ಕೆ ಮ ಒತ್ತು ಗೊತ್ತಿಲ್ಲ, ಒಂದು ಸುರುಳಿ ಅಷ್ಟೇ. ಕ್ರಮ ಬದಲಿಸಿ. ಖಾಲಿ ಬೋರ್ಡಿನ ಬೀದಿಯನ್ನು ಮೊದಲು ಪೂರ್ತಿ ಅಳತೆಗೆ ಅಪ್‌ಸ್ಕೇಲ್ ಮಾಡಿ, ಆಮೇಲೆ ಅಕ್ಷರ ಕೂರಿಸಿ, ಬೋರ್ಡಿನ ತುಂಡನ್ನು ಮಾತ್ರ ಇನ್‌ಪೇಂಟ್ ಮಾಡಿ. ಅಕ್ಷರ ಕೂತ ಮೇಲೆ ಇಡೀ ಚಿತ್ರದ ಮೇಲೆ ಯಾವ ಮಾಡೆಲೂ ಓಡಬಾರದು. ಇಂಕ್‌ಸ್ಕೇಪಿನ ಫೈಲ್ ಇದೆಯಲ್ಲ, ಗೆರೆ ಆದ್ದರಿಂದ ಎಷ್ಟು ದೊಡ್ಡದು ಬೇಕಾದರೂ ತೆಗೆಯಬಹುದು, ಮತ್ತೆ ಕೂರಿಸುವುದು ಕಷ್ಟವಲ್ಲ.

ಬ್ಯಾನರಿಗೆ ಓರೆ ಮಾಡುವುದಷ್ಟೇ ಸಾಲದು, ಬಟ್ಟೆಯ ಮಡಿಕೆಯಲ್ಲಿ ಅಕ್ಷರ ಬಳುಕಬೇಕು. ಗಿಂಪಿನಲ್ಲಿ `Filters > Map > Displace`. ಖಾಲಿ ಬ್ಯಾನರಿನ ಕಪ್ಪು ಬಿಳುಪು ಪ್ರತಿಯನ್ನು ಚೆನ್ನಾಗಿ ಬ್ಲರ್ ಮಾಡಿ ನಕ್ಷೆಯಾಗಿ ಕೊಡಿ. ಬ್ಲರ್ ಮಾಡದಿದ್ದರೆ ನೇಯ್ಗೆಯ ಎಳೆ ಎಳೆಗೂ ಅಕ್ಷರ ಹರಿಯುತ್ತದೆ. ಅಳತೆ ಚಿಕ್ಕದಿಂದ ಶುರು ಮಾಡಿ, "ರಾಜ್ಯೋತ್ಸವ"ದ ಜ್ಯೋ ಎಲ್ಲಿಯವರೆಗೆ ಓದಲು ಬರುತ್ತದೋ ಅಲ್ಲಿ ನಿಲ್ಲಿಸಿ.

ನಾಮಫಲಕ_ಬೆಂಗಳೂರು

ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕಾನೂನು ಇದೆ. ನಿಮ್ಮ ಚಿತ್ರದ ಪಕ್ಕದ ಅಂಗಡಿಯಲ್ಲಿ ಇಂಗ್ಲಿಷ್ ಮೇಲಿದೆ, ಅದನ್ನು ಸರಿಪಡಿಸಿ.

ಸುರಗಿ

ಆ ತಿದ್ದುಪಡಿ ಬಂದದ್ದು 2024ರಲ್ಲಿ, ಚಿತ್ರದ ಕಾಲ 1990. ಇಂದಿನ ಕರ್ನಾಟಕದ ಬೀದಿ ಮಾಡುವವರು ಮಾತ್ರ ಇದನ್ನು ನೆನಪಿಡಬೇಕು, ಖಾಲಿ ಬೋರ್ಡ್ ಮಾಡಿಸುವಾಗಲೇ ಮೇಲೆ ಕನ್ನಡಕ್ಕೆ ದೊಡ್ಡ ಪಟ್ಟಿ ಬಿಡಬೇಕು.

ನಾಮಫಲಕ_ಬೆಂಗಳೂರು

ಮಕ್ಕಳು ಇಂದು ಓದುವುದಲ್ವಾ? ಇಂದಿನ ನಿಯಮವೇ ಇರಲಿ ಅಂತ ನನ್ನ ಅಭಿಪ್ರಾಯ.

ಬೈಟುಕಾಫಿ

ಕೊನೆಗೆ ಸರಿಯಿದೆಯಾ ಅಂತ ನೋಡಲು ಚಿತ್ರದೊಳಗಿನ ಅಕ್ಷರ ಓದುವ ಟೆಸರಾಕ್ಟ್ ಓಡಿಸಿ. ಅದು ಓದಿದರೆ ಮುಗೀತು.

```
tesseract board.png stdout -l kan --psm 7
```

ಅಚ್ಚುಮೊಳೆ

ಇದು ಒಳ್ಳೆಯ ಅಭ್ಯಾಸ, ಆದರೆ ಸರಿಯಾದ ಹೊತ್ತಿನಲ್ಲಿ. ಫಾಂಟಿನಿಂದ ತೆಗೆದ ನೇರವಾದ ಚಿತ್ರದ ಮೇಲೆ, ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರ ಮಾಡಿ ಓಡಿಸಿ. ಕಾಗುಣಿತ ಕೂಡಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ಓರೆಯಾದ, ನೆರಳು ಬಿದ್ದ ಬೋರ್ಡಿನಲ್ಲಿ ಅದು ಸರಿಯಿದ್ದದ್ದನ್ನೂ ತಪ್ಪು ಓದುತ್ತದೆ. ಕೆಲವು ಸಲ ತಪ್ಪಿದ್ದದ್ದನ್ನು ತಾನೇ ಊಹಿಸಿ ಸರಿ ಅಂತಲೂ ಕೊಡುತ್ತದೆ.

ಕೊನೆಯ ಚಿತ್ರವನ್ನು ಮನುಷ್ಯರೇ ಓದಬೇಕು, ಬರಹ ಏನೆಂದು ಮೊದಲೇ ಗೊತ್ತಿಲ್ಲದವರು. "ಸರಿ ಇದೆಯಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಕಂಡದ್ದನ್ನು ಅಕ್ಷರ ಅಕ್ಷರವಾಗಿ ಬರೆದುಕೊಡಿ ಅನ್ನಿ. ಹಾರ್ದಿಕ, ಹಾದಿಕ ಅಲ್ಲಿ ಹೊರಬೀಳುತ್ತದೆ.

ಚಿತ್ರಸಂತೆ

ಇನ್ನೊಂದೇ ಪ್ರಶ್ನೆ. ಬೀದಿಯ ಆ ತುದಿಯಲ್ಲಿ ಚಿಕ್ಕ ಚಿಕ್ಕ ಬೋರ್ಡ್ ಬಹಳ ಇವೆ. ಅಲ್ಲೂ ಮಾಡೆಲ್ ಗೀಚಿದ ಸುರುಳಿ ಇದೆ. ಹಾಗೇ ಬಿಡಲಾ?

ಅಚ್ಚುಮೊಳೆ

ನಾನಾದರೆ ಬ್ಲರ್ ಮಾಡಿ ಬಿಡುತ್ತೇನೆ. ಅಷ್ಟು ದೂರದ ಬೋರ್ಡ್ ನಿಜವಾದ ಬೀದಿಯಲ್ಲೂ ಓದಲು ಬರುವುದಿಲ್ಲ. ಬಣ್ಣದ ಪಟ್ಟಿ ಕಂಡರೆ ಸಾಕು.

ಸುರಗಿ

ನನಗೆ ಒಪ್ಪಿಗೆ ಇಲ್ಲ. ಮುದ್ರಣದಲ್ಲಿ ಎರಡು ಪುಟ ಅಗಲ, ಮಕ್ಕಳು ಮೂಗು ತಾಗಿಸಿ ನೋಡುತ್ತಾರೆ. ಸುಳ್ಳು ಕನ್ನಡ ಇರುವುದಕ್ಕಿಂತ ಬೋರ್ಡ್ ಖಾಲಿ ಇರಲಿ, ಇಲ್ಲವೇ "ಟೀ", "ಹಾಲು", "ಹೂವು" ಅಂತ ಒತ್ತಿಲ್ಲದ ಚಿಕ್ಕ ಪದ ಹಾಕಿ. ಸಣ್ಣ ಅಳತೆಯಲ್ಲೂ ಉಳಿಯುತ್ತವೆ.

ಬ್ರಷ್‌ರಾಯರು

"ಸೈಕಲ್ ಶಾಪ್" ಕೂಡ ಬರೆಯಿರಿ. ಹಲಂತ ಇದೆ, ಒತ್ತಿಲ್ಲ.

ಚಿತ್ರಸಂತೆ

ಹತ್ತಿರದ ನಾಲ್ಕಾರು ಬೋರ್ಡಿಗೆ ಸುರಗಿ ಅವರು ಹೇಳಿದ ಹಾಗೆ ಪದ ಹಾಕುತ್ತೇನೆ, ತೀರಾ ತುದಿಯದ್ದಕ್ಕೆ ಬ್ಲರ್. ಬ್ಯಾನರ್ ಇನ್ನೂ ಕೂತಿಲ್ಲ, ಮಡಿಕೆಯ ಹತ್ತಿರ "ಶುಭಾಶಯಗಳು" ಪದದ ಭ ಕೆಳಗಿನ ಸೀಳು ಮುಚ್ಚಿ ಬ ಆಗುತ್ತಿದೆ. ಮಡಿಕೆಯನ್ನೇ ಪಕ್ಕಕ್ಕೆ ಸರಿಸಿ ಬ್ಯಾನರನ್ನು ಮತ್ತೆ ಮಾಡಿಸುತ್ತಿದ್ದೇನೆ.

ಗೆಜ್ಜೆಕಟ್ಟೆ

ತಡವಾಗಿ ಬಂದೆ. ಇದೇ ತರಹದ ಬೀದಿಯನ್ನು ವಿಡಿಯೋ ಮಾಡಲು ಕೊಟ್ಟರೆ ಎರಡನೇ ಸೆಕೆಂಡಿಗೇ ಅಕ್ಷರ ಕರಗತೊಡಗುತ್ತದೆ. ಅದಕ್ಕೇನಾದರೂ ದಾರಿ ಇದೆಯಾ?

ಅಚ್ಚುಮೊಳೆ

ಬೋರ್ಡ್ ಖಾಲಿ ಇಟ್ಟು ವಿಡಿಯೋ ಮಾಡಿಸಿ, ಆಮೇಲೆ ಬ್ಲೆಂಡರಿನಲ್ಲೋ ಆಫ್ಟರ್ ಎಫೆಕ್ಟ್ಸ್‌ನಲ್ಲೋ ಬೋರ್ಡಿನ ನಾಲ್ಕು ಮೂಲೆ ಟ್ರ್ಯಾಕ್ ಮಾಡಿ ಅಕ್ಷರ ಅಂಟಿಸಿ. ಕ್ಯಾಮೆರಾ ನಿಧಾನ ಇದ್ದರೆ ಆಗುತ್ತದೆ. ಬಟ್ಟೆ ಬ್ಯಾನರ್ ಗಾಳಿಗೆ ಆಡುವುದಕ್ಕೆ ನನ್ನ ಹತ್ತಿರ ಇನ್ನೂ ತೃಪ್ತಿಯಾಗುವ ಉತ್ತರ ಇಲ್ಲ. ಯಾರಾದರೂ ಮಾಡಿದ್ದರೆ ಫೈಲ್ ಸಮೇತ ಹಾಕಿ.